ರೂಪಾಯಿ ಒತ್ತಿದರೆ ಉಳಿತಾಯ ಅಂದುಕೊಂಡವರಿಗೆ

ಕಾಫಿ ಮಾರಿದ ದುಡ್ಡು ಕೈಗೆ ಬಂದ ಮೇಲೆ ನಮ್ಮ ಗೋಣಿಕೊಪ್ಪ, ವಿರಾಜಪೇಟೆ ಕಡೆಯ ಹಲವರು ಥಾಯ್ಲೆಂಡ್ ಸುತ್ತಿ ಬರುತ್ತಾರೆ. ಬಂದವರು ಕಾರ್ಡಿನ ಸ್ಟೇಟ್‌ಮೆಂಟ್ ಹಿಡಿದು ನನ್ನ ಆಫೀಸಿಗೆ ಬರುತ್ತಾರೆ. "ಸಾರ್, ನಾನು ರೂಪಾಯಿಯಲ್ಲೇ ಕಟ್ಟಿದ್ದು. ಮತ್ತೆ ಮಾರ್ಕಪ್ ಯಾಕೆ ಹಿಡಿದಿದ್ದಾರೆ?" ಮಾರ್ಕಪ್ ಅಂದರೆ ವಿದೇಶಿ ಖರೀದಿಗೆ ಬ್ಯಾಂಕ್ ಹಾಕುವ ಹೆಚ್ಚುವರಿ ಶುಲ್ಕ.

ಚೆರ್ರಿ ಕಾಫಿಯ ಔಟ್‌ಟರ್ನ್‌ನಲ್ಲಿ ಅರ್ಧ ಕೇಜಿ ಕಡಿಮೆ ಬಂದರೂ ಜಗಳ ತೆಗೆಯುವವರು, ಕಾರ್ಡ್ ಮೆಷಿನ್ ಮುಂದೆ ಮಾತ್ರ ಓದದೆ ಗುಂಡಿ ಒತ್ತುತ್ತಾರೆ!

ಮೆಷಿನ್ "THB ಅಥವಾ INR" ಎಂದು, ಅಂದರೆ ಥಾಯ್ ಬಾತ್ ಬೇಕೋ ರೂಪಾಯಿ ಬೇಕೋ ಎಂದು ಕೇಳಿದಾಗ INR ಒತ್ತಿದರೆ ಪರಿವರ್ತನೆ ತಪ್ಪುವುದಿಲ್ಲ. ಅದನ್ನು ನಿಮ್ಮ ಬ್ಯಾಂಕಿನ ಬದಲು ಅಂಗಡಿ ಕಡೆಯವರು, ತಮ್ಮ ಲಾಭ ಸೇರಿಸಿದ ದರದಲ್ಲಿ ಮಾಡುತ್ತಾರೆ. ಇದೇ ಡೈನಾಮಿಕ್ ಕರೆನ್ಸಿ ಕನ್ವರ್ಷನ್, ಚಿಕ್ಕದಾಗಿ DCC. ಅಂಗಡಿ ವಿದೇಶದ್ದಲ್ವಾ? ಹಾಗಾಗಿ ರೂಪಾಯಿಯಲ್ಲಿ ಬಂದ ಬಿಲ್ಲಿಗೂ ಅನೇಕ ಬ್ಯಾಂಕುಗಳು ಮಾರ್ಕಪ್ ಹಾಕುತ್ತವೆ. ನಿಮ್ಮ ಬ್ಯಾಂಕ್ ಹಾಕುತ್ತದೋ ಇಲ್ಲವೋ, ಅದರ ಶುಲ್ಕದ ಪಟ್ಟಿ ನೋಡಿಯೇ ಹೇಳಬೇಕು.

ಲೆಕ್ಕಕ್ಕೆಂದು ಹೋಟೆಲ್ ಬಿಲ್ 10,000 ಬಾತ್, ಕಾರ್ಡ್ ನೆಟ್‌ವರ್ಕ್ ದರ ಬಾತ್‌ಗೆ 2.50 ರೂಪಾಯಿ, ಬ್ಯಾಂಕಿನ ಮಾರ್ಕಪ್ ಶೇ 3.5 ಅಂತ ಇಟ್ಟುಕೊಳ್ಳಿ. ಬಾತ್ ಒತ್ತಿದ್ದರೆ 25,000, ಮಾರ್ಕಪ್ 875, ಅದರ ಮೇಲೆ ಶೇ 18 ಜಿಎಸ್‌ಟಿ 157.50. ಒಟ್ಟು 26,032.50. ರೂಪಾಯಿ ಒತ್ತಿ, ಮೆಷಿನ್ ದರ 2.62 ಇದ್ದರೆ ಬಿಲ್ಲೇ 26,200. ಅದಕ್ಕೆ ಮಾರ್ಕಪ್ 917, ಜಿಎಸ್‌ಟಿ 165 ಸೇರಿ 27,282. ಸುಮ್ನೆ ಸಾವಿರದ ಇನ್ನೂರೈವತ್ತು ರೂಪಾಯಿ ಹೋಯಿತು. ಇದರಲ್ಲಿ ಬ್ಯಾಂಕಿನ ತಪ್ಪು ಸಾಮಾನ್ಯವಾಗಿ ಇರುವುದಿಲ್ಲ.

ಬ್ಯಾಂಕಿನದೇ ತಪ್ಪಾಗಿದ್ದರೆ ಅದು ಬೇರೆ ಥರ ಕಾಣುತ್ತದೆ. ನೀವು ಬಾತ್‌ನಲ್ಲೇ ಕಟ್ಟಿದ್ದೀರಿ ಅಂತ ಇಟ್ಟುಕೊಳ್ಳಿ. ಖಾತೆಯಿಂದ ಹೋದ ಮುಖ್ಯ ಮೊತ್ತವನ್ನು ಬಾತ್‌ನಿಂದ ಭಾಗಿಸಿ. ಬಂದ ದರವನ್ನು ವೀಸಾ ಅಥವಾ ಮಾಸ್ಟರ್‌ಕಾರ್ಡ್ ವೆಬ್‌ಸೈಟಿನ ಕ್ಯಾಲ್ಕುಲೇಟರ್ ಜೊತೆ ಹೋಲಿಸಿ. ಬ್ಯಾಂಕ್ ಶುಲ್ಕದ ಜಾಗದಲ್ಲಿ ಸೊನ್ನೆ ಹಾಕಿ. ಗೂಗಲ್ ದರ ತೋರಿಸಿ ನನ್ನ ಹತ್ತಿರ ವಾದ ಮಾಡಬೇಡಿ. ಖರೀದಿಯ ದಿನಕ್ಕಿಂತ ವಹಿವಾಟು ಸೆಟ್ಲ್ ಆದ ದಿನದ ದರ ಅನ್ವಯಿಸಬಹುದು, ಅದಕ್ಕೇ ಕೆಲವು ಪೈಸೆ ಆಚೀಚೆ ಆಗುತ್ತದೆ. ಆದರೆ ಮುಖ್ಯ ಮೊತ್ತವೇ 25,875 ಆಗಿದ್ದು, ಕೆಳಗೆ ಮತ್ತೆ ಮಾರ್ಕಪ್ ಅಂತ ಇನ್ನೊಂದು ಸಾಲು ಇದ್ದರೆ? ಶೇ 3.5 ಆಗಲೇ ದರದೊಳಗೆ ಸೇರಿದೆ. ಎರಡು ಸಲ ಹಿಡಿದ ಹಾಗೆ ಕಾಣುತ್ತದೆ, ಲಿಖಿತವಾಗಿ ಕೇಳಿ.

ಕೇಳದೆಯೇ ಅಂಗಡಿಯವನು INR ಒತ್ತಿದ್ದರೆ ಅದೂ ದೂರು ಕೊಡುವಂಥದ್ದೇ. ಆಯ್ಕೆ ಗ್ರಾಹಕನದ್ದಾಗಿರಬೇಕು ಎಂಬುದು ಕಾರ್ಡ್ ನೆಟ್‌ವರ್ಕ್‌ಗಳ ನಿಯಮ. ಎರಡೂ ಕರೆನ್ಸಿ, ದರ ಇರುವ ಸ್ಲಿಪ್ ಜೊತೆಗೆ ಬ್ಯಾಂಕಿನಲ್ಲಿ ಡಿಸ್ಪ್ಯೂಟ್ ಹಾಕಿ. ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಹೋಗಬಹುದು. ಸ್ಲಿಪ್ ಅಲ್ಲೇ ಎಸೆದು ಬಂದಿದ್ದರೆ ಗೆಲ್ಲುತ್ತೀರಿ ಅಂತ ನಾನಂತೂ ಭರವಸೆ ಕೊಡುವುದಿಲ್ಲ.