ಎಸೆಕ್ಸ್ ತೆರೆಯದ ವೈಫೈ: ರೂಟರಿನ ಕುಟುಂಬ ಫಿಲ್ಟರ್ ತಪ್ಪಾಗಿ ತಡೆದಾಗ

ಧಾರವಾಡದಲ್ಲಿರುವ ನನ್ನ ಅಕ್ಕನ ಮಗ ಇಂಗ್ಲೆಂಡಿನಲ್ಲಿ ಎಂ.ಎಸ್ಸಿ. ಓದಲು ಅರ್ಜಿ ಹಾಕುವ ಸಿದ್ಧತೆಯಲ್ಲಿದ್ದಾಗ, ಮನೆಯ ವೈಫೈನಲ್ಲಿ ಎಸೆಕ್ಸ್ ಮತ್ತು ಸಸೆಕ್ಸ್ ವಿಶ್ವವಿದ್ಯಾಲಯಗಳ ಜಾಲತಾಣಗಳು ತೆರೆಯುತ್ತಿರಲಿಲ್ಲ. ಮಿಡ್ಲ್‌ಸೆಕ್ಸ್ ವಿಶ್ವವಿದ್ಯಾಲಯದ ತಾಣ ಮಾತ್ರ ಸರಾಗವಾಗಿ ತೆರೆಯುತ್ತಿತ್ತು. ಫೋನಿನಲ್ಲಿ ವೈಫೈ ಆರಿಸಿ ಮೊಬೈಲ್ ಡೇಟಾದಲ್ಲಿ ನೋಡಿದರೆ ಮೂರೂ ಬರುತ್ತಿದ್ದವು. "ಮಾಮಾ, ಅವ್ರ ಸರ್ವರ್ ಡೌನ್ ಅದ ಏನು?" ಎಂದು ಅವನು ಕೇಳಿದ. ಮೊಬೈಲ್ ಡೇಟಾದಲ್ಲಿ ತೆರೆಯುವ ತಾಣದ ಸರ್ವರ್ ಕೆಟ್ಟಿರಲು ಸಾಧ್ಯವಿಲ್ಲ. ತಡೆ ಮನೆಯ ರೂಟರಿನಲ್ಲಿರಬೇಕು, ಇಲ್ಲವೇ ಬ್ರಾಡ್‌ಬ್ಯಾಂಡ್ ಕಂಪನಿಯ ಕಡೆ ಇರಬೇಕು. ಮೂರು ಹೆಸರುಗಳಲ್ಲಿ ಎರಡು ಮಾತ್ರ ನಿಂತದ್ದೇಕೆ ಎಂಬ ಪ್ರಶ್ನೆಯನ್ನು ಬೆನ್ನುಹತ್ತಿದರೆ ಇಂಥ ಫಿಲ್ಟರ್‌ಗಳು ಕೆಲಸ ಮಾಡುವ ರೀತಿಯೇ ಬಿಚ್ಚಿಕೊಳ್ಳುತ್ತದೆ. ಆದ್ದರಿಂದ ಈ ಟಿಪ್ಪಣಿಯನ್ನು ಇದೇ ಪ್ರಸಂಗದ ಸುತ್ತ ಬರೆದಿದ್ದೇನೆ.

ತಡೆಯುತ್ತಿರುವುದು ಯಾವ ಹಂತ?

ಬ್ರೌಸರಿನಲ್ಲಿ ಒಂದು ವಿಳಾಸ ಬರೆದ ಕೂಡಲೇ ಮೊದಲು ಆಗುವ ಕೆಲಸವೆಂದರೆ ಆ ಹೆಸರಿಗೆ ಸಂಬಂಧಿಸಿದ ಐಪಿ ಸಂಖ್ಯೆಯನ್ನು ಡಿಎನ್‌ಎಸ್ ಸರ್ವರನ್ನು ಕೇಳಿ ಪಡೆಯುವುದು. ಆ ಸಂಖ್ಯೆ ಸಿಕ್ಕ ಮೇಲಷ್ಟೇ ನಿಜವಾದ ಸಂಪರ್ಕ ಆರಂಭವಾಗುತ್ತದೆ. ಮನೆಯ ಫಿಲ್ಟರ್ ಈ ಎರಡು ಹಂತಗಳಲ್ಲಿ ಎಲ್ಲಿ ಬೇಕಾದರೂ ಕೈ ಹಾಕಬಹುದು: ಡಿಎನ್‌ಎಸ್ ಹಂತದಲ್ಲಿ ಸುಳ್ಳು ಉತ್ತರ ಕೊಟ್ಟು ನಿಲ್ಲಿಸಬಹುದು, ಅಥವಾ ಉತ್ತರವನ್ನು ಸರಿಯಾಗಿಯೇ ಕೊಟ್ಟು, ಸಂಪರ್ಕ ಆರಂಭವಾಗುವಾಗ ತಾಣದ ಹೆಸರನ್ನು ಇಣುಕಿ ನೋಡಿ ಕತ್ತರಿಸಬಹುದು. ಎರಡಕ್ಕೂ ಮದ್ದು ಬೇರೆಬೇರೆ. ಆದ್ದರಿಂದ ರೂಟರಿನ ಮೆನುವಿಗೆ ಕೈ ಹಾಕುವ ಮೊದಲು ಕಂಪ್ಯೂಟರಿನ ಕಮಾಂಡ್ ಪ್ರಾಂಪ್ಟ್ ತೆರೆದು ಈ ಎರಡು ಸಾಲುಗಳನ್ನು ಒಂದಾದ ಮೇಲೊಂದರಂತೆ ಓಡಿಸುವುದು ಒಳ್ಳೆಯದು.

```
nslookup www.essex.ac.uk
nslookup www.essex.ac.uk 8.8.8.8
```

ಮೊದಲನೆಯದು ರೂಟರ್ ಕೊಟ್ಟಿರುವ ಡಿಎನ್‌ಎಸ್ ಸರ್ವರನ್ನೇ ಕೇಳುತ್ತದೆ. ಎರಡನೆಯದು ಫಿಲ್ಟರ್ ಇಲ್ಲದ ಗೂಗಲ್ ಡಿಎನ್‌ಎಸ್ಸನ್ನು ಕೇಳುತ್ತದೆ. ಮೊದಲನೆಯದಕ್ಕೆ `0.0.0.0` ಎಂದೋ, ಅಂಥ ಹೆಸರೇ ಇಲ್ಲವೆಂದೋ ಉತ್ತರ ಬಂದು, ಎರಡನೆಯದಕ್ಕೆ ಸಾಮಾನ್ಯ ಸಂಖ್ಯೆ ಬಂದರೆ ತಡೆ ಡಿಎನ್‌ಎಸ್‌ನಲ್ಲಿದೆ ಎಂದು ತಿಳಿಯಬೇಕು. ಕೆಲವು ರೂಟರ್‌ಗಳು ಹೊರಗಿನ ಡಿಎನ್‌ಎಸ್ಸಿಗೆ ಹೋಗುವ ಪ್ರಶ್ನೆಗಳನ್ನೂ ನಡುದಾರಿಯಲ್ಲಿ ಹಿಡಿದು ತಾವೇ ಉತ್ತರಿಸುತ್ತವೆ. ಹಾಗಾಗಿ ಎರಡೂ ಉತ್ತರಗಳು ಒಂದೇ ರೀತಿ ತಪ್ಪಾಗಿದ್ದರೆ, ಮೊಬೈಲ್ ಡೇಟಾದ ಹಾಟ್‌ಸ್ಪಾಟಿಗೆ ಲ್ಯಾಪ್‌ಟಾಪನ್ನು ಜೋಡಿಸಿ ಮತ್ತೊಮ್ಮೆ ಕೇಳಿ ಹೋಲಿಸಬೇಕು.

ಅಕ್ಕನ ಮನೆಯಲ್ಲಿ ಎರಡೂ ಸಾಲುಗಳಿಗೆ ಒಂದೇ ಸರಿಯಾದ ಸಂಖ್ಯೆ ಬಂತು. ಆದರೂ ಬ್ರೌಸರ್ `ERR_CONNECTION_RESET` ಎನ್ನುತ್ತಿತ್ತು. ಅಂದರೆ ಹೆಸರು ಸರಿಯಾಗಿ ಸಿಕ್ಕಿದೆ, ಬಾಗಿಲು ತಟ್ಟುವಾಗ ಯಾರೋ ಕೈ ಹಿಡಿದೆಳೆದಿದ್ದಾರೆ. ರೂಟರಿನ `192.168.1.1` ಪುಟಕ್ಕೆ ಹೋಗಿ `Parental Control` ಮೆನುವಿನಲ್ಲಿ `URL Filter` ತೆರೆದಾಗ ನಾಲ್ಕು ಪದಗಳ ಪಟ್ಟಿ ಕಂಡಿತು. ಅದರಲ್ಲಿ ಮೊದಲನೆಯದು `sex`. ಹುಡುಗ ಹೈಸ್ಕೂಲಿನಲ್ಲಿದ್ದಾಗ ಭಾವ ಹಾಕಿಸಿದ್ದ ಪಟ್ಟಿ ಅದು, ಹಾಕಿಸಿದವರೂ ಮರೆತಿದ್ದರು.

ಅಕ್ಷರಗಳನ್ನು ಮಾತ್ರ ನೋಡುವ ಫಿಲ್ಟರ್

ಈ ಬಗೆಯ ಪದ ಫಿಲ್ಟರಿಗೆ ಅರ್ಥ ಗೊತ್ತಿಲ್ಲ. ಕೊಟ್ಟ ಮೂರು ಅಕ್ಷರಗಳು ಸಾಲಾಗಿ ಎಲ್ಲಿ ಕಂಡರೂ ಅದು ನಿಲ್ಲಿಸುತ್ತದೆ. `essex.ac.uk` ಮತ್ತು `sussex.ac.uk` ಎರಡರಲ್ಲೂ ಆ ಮೂರು ಅಕ್ಷರಗಳಿವೆ. ಮಿಡ್ಲ್‌ಸೆಕ್ಸ್ ವಿಶ್ವವಿದ್ಯಾಲಯದ ವಿಳಾಸ `mdx.ac.uk` ಆದ್ದರಿಂದ ಅದು ಪಾರಾಯಿತು. ಇದು ಹಳೆಯ ರೋಗ. 1996ರಲ್ಲಿ ಅಮೆರಿಕದ ಎಒಎಲ್ ಸೇವೆಯು ಇಂಗ್ಲೆಂಡಿನ ಸ್ಕಂತೋರ್ಪ್ ಊರಿನ ನಿವಾಸಿಗಳಿಗೆ, ಊರ ಹೆಸರಿನ ನಡುವೆ ಒಂದು ಬೈಗುಳದ ಅಕ್ಷರಗಳು ಬರುತ್ತವೆಂಬ ಕಾರಣಕ್ಕೆ, ಖಾತೆ ತೆರೆಯಲು ಬಿಡಲಿಲ್ಲ. ಅಂದಿನಿಂದ ಇಂಥ ತಪ್ಪಿಗೆ ಆ ಊರಿನ ಹೆಸರೇ ಅಂಟಿಕೊಂಡಿದೆ.

ಇನ್ನೊಂದು ಪರೀಕ್ಷೆ ಮಾಡಿದೆವು. ವಿಕಿಪೀಡಿಯದಲ್ಲಿ ಎಸೆಕ್ಸ್ ಕುರಿತ ಪುಟ, ಅದೇ ವೈಫೈನಲ್ಲಿ, ಯಾವ ತಕರಾರೂ ಇಲ್ಲದೆ ತೆರೆಯಿತು. ಆ ಪುಟದ ವಿಳಾಸದಲ್ಲಿಯೂ ಅದೇ ಮೂರು ಅಕ್ಷರಗಳಿದ್ದವು. ಕಾರಣ ಹೀಗಿದೆ: ಇಂದಿನ ಬಹುತೇಕ ತಾಣಗಳು ಎಚ್‌ಟಿಟಿಪಿಎಸ್ ಬಳಸುವುದರಿಂದ, ಸಂಪರ್ಕದ ಮೊದಲ ಮಾತಿನಲ್ಲಿ ತಾಣದ ಹೆಸರು ಮಾತ್ರ ಸಾಮಾನ್ಯವಾಗಿ ಬಯಲಿನಲ್ಲಿ ಹೋಗುತ್ತದೆ, ಓರೆಗೆರೆಯ ನಂತರದ ವಿಳಾಸವೂ ಪುಟದ ಒಳಗಿನ ಬರಹವೂ ಗೂಢಲಿಪಿಯಲ್ಲಿ ಹೋಗುತ್ತವೆ. ರೂಟರಿಗೆ ಕಂಡದ್ದು `en.wikipedia.org` ಮಾತ್ರ. ಹೀಗಾಗಿ ಪದ ಫಿಲ್ಟರ್ ಎರಡು ಕಡೆಯೂ ಸೋಲುತ್ತದೆ. ಹೆಸರಿನಲ್ಲಿ ಅಕ್ಷರ ಸಿಕ್ಕಿದರೆ ವಿಶ್ವವಿದ್ಯಾಲಯವನ್ನೂ ನಿಲ್ಲಿಸುತ್ತದೆ, ಹೆಸರು ಸಭ್ಯವಾಗಿದ್ದರೆ ಒಳಗೇನಿದ್ದರೂ ಬಿಟ್ಟುಬಿಡುತ್ತದೆ. ನನ್ನ ಅಭಿಪ್ರಾಯದಲ್ಲಿ ಇದರ ಪಟ್ಟಿಯನ್ನು ತಿದ್ದುತ್ತ ಕೂರುವುದಕ್ಕಿಂತ ಪೂರ್ತಿ ಅಳಿಸುವುದೇ ಸರಿ. ಅದನ್ನು ಉಳಿಸಿಕೊಳ್ಳಲೇಬೇಕೆಂದರೆ ಬಿಡಿ ಪದದ ಬದಲು ಪೂರ್ಣ ಡೊಮೈನ್ ಹೆಸರನ್ನೇ ಬರೆಯಬೇಕು.

ಅಕ್ಕನ ಮನೆಯಲ್ಲಿ ಚಿಕ್ಕವಳೊಬ್ಬಳು ಇನ್ನೂ ಆರನೆಯ ತರಗತಿಯಲ್ಲಿದ್ದುದರಿಂದ ಫಿಲ್ಟರನ್ನೇ ತೆಗೆದುಹಾಕಲು ಭಾವ ಒಪ್ಪಲಿಲ್ಲ. ಅದು ನ್ಯಾಯವೇ. ಹಾಗಾಗಿ ನಾಲ್ಕು ಪದಗಳನ್ನು ಅಳಿಸಿ, ಮನೆಯ ಉಪಕರಣಗಳಿಗೆ ಐಪಿ ಮತ್ತು ಡಿಎನ್‌ಎಸ್ ಸಂಖ್ಯೆಗಳನ್ನು ಹಂಚುವ ರೂಟರಿನ `DHCP` ಪುಟದಲ್ಲಿ ಡಿಎನ್‌ಎಸ್ ಸರ್ವರ್‌ಗಳಾಗಿ ಕ್ಲೌಡ್‌ಫ್ಲೇರಿನ ಕುಟುಂಬ ಸೇವೆಯ `1.1.1.3` ಮತ್ತು `1.0.0.3` ಹಾಕಿದೆವು. ಈ ಜೋಡಿ ದುರುದ್ದೇಶದ ತಾಣಗಳನ್ನೂ ವಯಸ್ಕರ ತಾಣಗಳನ್ನೂ ತಡೆಯುತ್ತದೆ. ಅಕ್ಷರ ನೋಡುವುದಿಲ್ಲ, ಪ್ರತಿಯೊಂದು ಡೊಮೈನಿಗೆ ಮೊದಲೇ ಕೊಟ್ಟಿರುವ ವರ್ಗವನ್ನು ನೋಡುತ್ತದೆ. ಫಿಲ್ಟರ್ ಹತ್ತಿದೆಯೇ ಎಂದು ನೋಡಲು ಕೆಟ್ಟ ತಾಣವನ್ನು ಹುಡುಕಬೇಕಿಲ್ಲ, ಪರೀಕ್ಷೆಗೆಂದೇ ಒಂದು ಹೆಸರಿದೆ.

```
nslookup nudity.testcategory.com
```

ಉತ್ತರ `0.0.0.0` ಎಂದು ಬಂದರೆ ಫಿಲ್ಟರ್ ಕೆಲಸ ಮಾಡುತ್ತಿದೆ. ನಮ್ಮಲ್ಲಿ ಮೊದಲ ಸಲ ಹಾಗೆ ಬರಲಿಲ್ಲ. ನಾನು ಅವಸರದಲ್ಲಿ ಎರಡನೆಯ ಡಿಎನ್‌ಎಸ್ ಖಾನೆಯಲ್ಲಿ ಹಳೆಯ `8.8.8.8` ಬಿಟ್ಟಿದ್ದೆ. ಎರಡನೆಯ ಖಾನೆ ತುರ್ತಿಗೆ ಮಾತ್ರ ಎಂದು ಹಲವರು ಭಾವಿಸುತ್ತಾರೆ, ಆದರೆ ಉಪಕರಣಗಳು ಎರಡನ್ನೂ ತಮಗೆ ತೋಚಿದಂತೆ ಬಳಸುತ್ತವೆ. ಫಿಲ್ಟರ್ ಇರುವುದು ಒಂದು, ಇಲ್ಲದ್ದು ಒಂದು ಎಂದು ಬೆರೆಸಿದರೆ ಒಂದೇ ತಾಣ ಬೆಳಿಗ್ಗೆ ತೆರೆದು ಸಂಜೆ ತೆರೆಯದಂತೆ ಆಟವಾಡುತ್ತದೆ. ಎರಡೂ ಖಾನೆಗಳಲ್ಲಿ ಒಂದೇ ಸೇವೆಯ ಸಂಖ್ಯೆಗಳಿರಬೇಕು. ಬದಲಾವಣೆಯ ಬಳಿಕ ಉಪಕರಣಗಳು ಹೊಸ ಸಂಖ್ಯೆ ಪಡೆಯಲು ವೈಫೈ ಕಳಚಿ ಮತ್ತೆ ಸೇರಿಸಬೇಕು, ವಿಂಡೋಸಿನಲ್ಲಿ ಹಳೆಯ ಉತ್ತರಗಳನ್ನು ಒರೆಸಲು `ipconfig /flushdns` ಓಡಿಸಬೇಕು.

ವರ್ಗವೇ ತಪ್ಪಾಗಿದ್ದರೆ

ವರ್ಗ ನೋಡುವ ಫಿಲ್ಟರೂ ತಪ್ಪುತ್ತದೆ. 2020ರ ಏಪ್ರಿಲ್ 1ರಂದು ಇದೇ ಕುಟುಂಬ ಸೇವೆ ಆರಂಭವಾದಾಗ, ಲೈಂಗಿಕ ಅಲ್ಪಸಂಖ್ಯಾತರಿಗೆ ಸಂಬಂಧಿಸಿದ ಎಷ್ಟೋ ನಿರುಪದ್ರವಿ ತಾಣಗಳು ವಯಸ್ಕರ ವರ್ಗದಡಿ ಸಿಕ್ಕಿಬಿದ್ದವು. ಕಂಪನಿ ತಪ್ಪೊಪ್ಪಿಕೊಂಡು ಬೇಗನೆ ಸರಿಪಡಿಸಿತು. ತಾಯಂದಿರಿಗೆ ಎದೆಹಾಲುಣಿಸುವ ವಿಧಾನ ತಿಳಿಸುವ ತಾಣ, ಹತ್ತನೆಯ ತರಗತಿಯ ಸಂತಾನೋತ್ಪತ್ತಿ ಪಾಠಕ್ಕೆ ಚಿತ್ರ ಕೊಡುವ ತಾಣ ಇವೂ ಇಂಥ ತಪ್ಪಿಗೆ ಸುಲಭವಾಗಿ ಗುರಿಯಾಗುವಂಥವು.

ಇಲ್ಲಿ ಒಂದು ಕಷ್ಟವಿದೆ. ಖಾತೆಯಿಲ್ಲದೆ ಬಳಸುವ ಇಂಥ ಸಾರ್ವಜನಿಕ ಡಿಎನ್‌ಎಸ್ ಸೇವೆಯಲ್ಲಿ ನಮ್ಮದೇ ವಿನಾಯಿತಿ ಪಟ್ಟಿ ಇಡಲು ಜಾಗವಿರುವುದಿಲ್ಲ. ವರ್ಗ ತಿದ್ದುವಂತೆ ಸೇವೆಯವರಿಗೆ ಬರೆದು ಕಾಯಬಹುದು, ಆದರೆ ನಾಳೆಯೇ ಅರ್ಜಿಯ ಕೊನೆಯ ದಿನವಾಗಿದ್ದರೆ ಕಾಯಲಾಗದು. ರೂಟರಿನಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಿಕೊಂಡವರು ಎಸ್‌ಎಸ್‌ಎಚ್ ಮೂಲಕ ರೂಟರಿಗೇ ಲಾಗಿನ್ ಆಗಿ, ಆ ಒಂದು ಹೆಸರಿನ ಪ್ರಶ್ನೆಯನ್ನು ಮಾತ್ರ ಫಿಲ್ಟರ್ ಇಲ್ಲದ `1.1.1.1` ಸರ್ವರಿಗೆ ಕಳುಹಿಸುವಂತೆ ಹೇಳಬಹುದು.

```
uci add_list dhcp.@dnsmasq[0].server='/example.org/1.1.1.1'
uci commit dhcp
service dnsmasq restart
```

`example.org` ಇರುವಲ್ಲಿ ಬೇಕಾದ ಡೊಮೈನ್ ಬರೆಯಬೇಕು. ಅದರ ಉಪಡೊಮೈನುಗಳೆಲ್ಲ ತಾವಾಗಿಯೇ ಸೇರುತ್ತವೆ. ಆದರೆ ಇದು ನಡೆಯಬೇಕಾದರೆ ಉಪಕರಣಗಳು ಡಿಎನ್‌ಎಸ್ಸಿಗೆ ರೂಟರನ್ನೇ ಕೇಳುತ್ತಿರಬೇಕು. ಆದ್ದರಿಂದ ಇಂಥ ರೂಟರಿನಲ್ಲಿ `1.1.1.3` ಅನ್ನು `DHCP` ಮೂಲಕ ನೇರವಾಗಿ ಹಂಚದೆ, ರೂಟರಿನ ಹೊರಗಿನ ಡಿಎನ್‌ಎಸ್ ಖಾನೆಯಲ್ಲಿ ಇಡಬೇಕು. ಬ್ರಾಡ್‌ಬ್ಯಾಂಡ್ ಕಂಪನಿ ಕೊಟ್ಟ ಸಾಮಾನ್ಯ ರೂಟರ್ ಇದ್ದವರಿಗೆ ಈ ಸೌಲಭ್ಯ ಸಿಗುವುದು ಅಪರೂಪ. ಅಂಥವರು ದೊಡ್ಡವರ ಲ್ಯಾಪ್‌ಟಾಪಿನ ವೈಫೈ ಸೆಟ್ಟಿಂಗಿನಲ್ಲಿ ಮಾತ್ರ ಡಿಎನ್‌ಎಸ್ಸನ್ನು ಕೈಯಾರೆ `1.1.1.1` ಎಂದು ಬರೆದು, ಮಕ್ಕಳ ಉಪಕರಣಗಳನ್ನು ಇದ್ದಂತೆಯೇ ಬಿಡುವುದು ಸರಳ ದಾರಿ.

ವಿನಾಯಿತಿ ಕೊಟ್ಟ ಮೇಲೂ ಪುಟ ಅರ್ಧಂಬರ್ಧ ಕಾಣುವುದುಂಟು: ಬರಹ ಇದೆ, ಚಿತ್ರವಿಲ್ಲ, ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ತಾಣವು ಚಿತ್ರ ಮತ್ತು ವಿಡಿಯೊಗಳನ್ನು ಬೇರೆ ಡೊಮೈನಿನಿಂದ ತರಿಸುತ್ತಿರುತ್ತದೆ, ತಡೆ ಈಗ ಅಲ್ಲಿರುತ್ತದೆ. ಬ್ರೌಸರಿನಲ್ಲಿ `F12` ಒತ್ತಿ, `Network` ಭಾಗ ತೆರೆದು, ಪುಟವನ್ನು ಮರುಲೋಡ್ ಮಾಡಿದರೆ ವಿಫಲವಾದ ಸಾಲುಗಳು ಕೆಂಪಾಗಿ ಕಾಣುತ್ತವೆ. ಆ ಸಾಲುಗಳ ಡೊಮೈನುಗಳನ್ನು ಒಂದೊಂದಾಗಿ `nslookup` ಮಾಡಿ, `0.0.0.0` ಬರುವುದಕ್ಕೆ ಮಾತ್ರ ಮೇಲಿನ ವಿನಾಯಿತಿ ಕೊಡಬೇಕು. ಕೆಂಪಾದುದಕ್ಕೆಲ್ಲ ಕೊಡಬಾರದು, ಏಕೆಂದರೆ ಬ್ರೌಸರಿಗೆ ಸೇರಿಸಿಕೊಂಡ ಜಾಹೀರಾತು ತಡೆಯುವ ವಿಸ್ತರಣೆ ನಿಲ್ಲಿಸಿದ ಸಾಲುಗಳೂ ಅಲ್ಲಿ ಬೆರೆತಿರುತ್ತವೆ.

ಇಷ್ಟಾದರೂ ಒಂದು ಫೋನಿನಲ್ಲಿ ಮಾತ್ರ ಫಲಿತಾಂಶ ಬೇರೆಯಾಗಿದ್ದರೆ ಅದರ `Private DNS` ಸೆಟ್ಟಿಂಗ್ ನೋಡಬೇಕು. ಆಂಡ್ರಾಯ್ಡ್ 9ರಿಂದೀಚೆಗೆ ಇರುವ ಈ ಸೌಲಭ್ಯದಲ್ಲಿ ಯಾವುದಾದರೂ ಸರ್ವರಿನ ಹೆಸರು ಬರೆದಿದ್ದರೆ ಆ ಫೋನ್ ರೂಟರಿನ ಡಿಎನ್‌ಎಸ್ಸನ್ನು ಕೇಳುವುದೇ ಇಲ್ಲ, ರೂಟರಿನಲ್ಲಿ ಕೊಟ್ಟ ತಡೆಯೂ ವಿನಾಯಿತಿಯೂ ಅದಕ್ಕೆ ಅನ್ವಯಿಸುವುದಿಲ್ಲ. ಅಕ್ಕನ ಮನೆಯಲ್ಲಿ ಕೊನೆಗೆ ಉಳಿದದ್ದು ಇದೇ. ನಾಲ್ಕು ಪದ ಅಳಿಸಿ ಲ್ಯಾಪ್‌ಟಾಪಿನಲ್ಲಿ ಎಸೆಕ್ಸ್, ಸಸೆಕ್ಸ್ ಎರಡೂ ತೆರೆದ ಮೇಲೆ, ಪರೀಕ್ಷೆಯ ಹೆಸರು ಆರನೆಯ ತರಗತಿಯ ಹುಡುಗಿಯ ಕೈಯಲ್ಲಿದ್ದ ಹಳೆಯ ಫೋನಿನಲ್ಲಿ ಮಾತ್ರ ತಡೆಯಿಲ್ಲದೆ ತೆರೆಯಿತು. ಜಾಹೀರಾತು ಬಾರದಿರಲೆಂದು ಅಣ್ಣನೇ ಹಿಂದೊಮ್ಮೆ ಅದರಲ್ಲಿ ಒಂದು ಸರ್ವರಿನ ಹೆಸರು ತುಂಬಿಸಿಟ್ಟಿದ್ದ. ಅದನ್ನು `Automatic` ಎಂದು ಬದಲಿಸಿ ವೈಫೈ ಮರುಜೋಡಿಸಿದ ಬಳಿಕ ಆ ಫೋನಿನಲ್ಲೂ ಪರೀಕ್ಷೆಯ ಪುಟ ನಿಂತಿತು.