ಜಾರಿದ ಡಿಸ್ಕನ್ನು ತಿಕ್ಕಿ ಕೂರಿಸಬಹುದಾ?

ಪ್ರಶ್ನೆ: ಡಾಕ್ಟ್ರೇ, ಎಂಆರ್‌ಐನಲ್ಲಿ ಎಲ್4-ಎಲ್5 ಡಿಸ್ಕ್ ಜಾರಿದೆ ಅಂತ ಬಂದಿದೆ. ಸೊಂಟಕ್ಕಿಂತ ಕಾಲಲ್ಲೇ ನೋವು ಜಾಸ್ತಿ. ನಮ್ಮೂರ ಹತ್ತಿರ ಒಬ್ಬರು ಮೂರು ಸಲ ತಿಕ್ಕಿ ಡಿಸ್ಕನ್ನು ವಾಪಸ್ ಕೂರಿಸುತ್ತಾರಂತೆ. ಹೋಗಲಾ?

ಬೇಡ, ಹೋಗಬೇಡಿ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕವಿಲ್ಲ. ಊರು ಬೇರೆ, ತಿಕ್ಕುವವರು ಬೇರೆ, ಪ್ರಶ್ನೆ ಮಾತ್ರ ಅದೇ. ಈ ಸಲ ಪೂರ್ತಿಯಾಗಿ ಬರೆದುಬಿಡುತ್ತೇನೆ.

ಮೊದಲು ಕಾಲಿನ ವಿಷಯ. ಕಾಲಿಗೆ ಹೋಗುವ ನರಗಳ ಬೇರುಗಳು ಬೆನ್ನುಮೂಳೆಯೊಳಗೆ ಡಿಸ್ಕ್‌ಗಳ ಹಿಂದೆಯೇ ಇಳಿದು ಹೋಗುತ್ತವೆ. ಡಿಸ್ಕ್ ಹಿಂದಕ್ಕೆ ಉಬ್ಬಿ ಒಂದು ಬೇರನ್ನು ಕೆಣಕಿದರೆ, ಆ ನರ ಎಲ್ಲಿಗೆ ಹೋಗುತ್ತದೋ ಅಲ್ಲಿ ನೋವು ಕಾಣಿಸುತ್ತದೆ. ನಿಮ್ಮ ಎಲ್4-ಎಲ್5 ಡಿಸ್ಕ್ ಸಾಮಾನ್ಯವಾಗಿ ಒತ್ತುವುದು ಎಲ್5 ಬೇರನ್ನು. ಆಗ ನೋವು ಪಿರ್ರೆಯಿಂದ ಹೊರಟು ತೊಡೆಯ ಹೊರಬದಿ, ಮೊಣಕಾಲ ಕೆಳಗಿನ ಹೊರಬದಿ ಹಿಡಿದು ಪಾದದ ಮೇಲೆ ಹೆಬ್ಬೆರಳ ತನಕ ಬರುತ್ತದೆ. ಅದರ ಕೆಳಗಿನ ಡಿಸ್ಕ್ ಆದರೆ ಎಸ್1 ಬೇರು. ಆಗ ನೋವು ತೊಡೆಯ ಹಿಂದೆ, ಮೀನಖಂಡ, ಹಿಮ್ಮಡಿ ದಾಟಿ ಕಿರುಬೆರಳ ಕಡೆ ಹೋಗುತ್ತದೆ. ಕೆಮ್ಮಿದರೆ, ಸೀನಿದರೆ ಕರೆಂಟ್ ಹೊಡೆದ ಹಾಗೆ ಆಗುತ್ತೆ, ಅಲ್ವಾ? ಸೊಂಟದೊಳಗೆ ಒತ್ತಡ ಏರಿ, ಮೊದಲೇ ಕೆರಳಿರುವ ಬೇರಿಗೆ ತಾಗುತ್ತದೆ. ಅದಕ್ಕೇ ಹಾಗೆ.

ಈಗ "ಜಾರಿದೆ" ಅನ್ನುವ ಮಾತಿಗೆ ಬರೋಣ. ಈ ಒಂದು ಪದವೇ ಇಷ್ಟಕ್ಕೆಲ್ಲ ಮೂಲ. ಡಾಕ್ಟರುಗಳೂ ಅದನ್ನೇ ಹೇಳುತ್ತೇವೆ, ತಪ್ಪು ನಮ್ಮದೂ ಇದೆ. ಜಾರಿದೆ ಅಂದರೆ ಕೇಳಿದವರ ಕಣ್ಣ ಮುಂದೆ ಜಾಗ ಬಿಟ್ಟ ಹೆಂಚು ಬರುತ್ತದೆ. ಜಾರಿದ್ದನ್ನು ತಳ್ಳಿದರೆ ಜಾಗಕ್ಕೆ ಕೂರಬೇಕಲ್ಲ ಅನಿಸುತ್ತದೆ. ಆದರೆ ಡಿಸ್ಕ್ ಎಲ್ಲಿಗೂ ಜಾರುವುದಿಲ್ಲ. ಮೇಲಿನ ಮೂಳೆಗೂ ಕೆಳಗಿನ ಮೂಳೆಗೂ ಅದು ಗಟ್ಟಿಯಾಗಿ ಅಂಟಿಕೊಂಡೇ ಇರುತ್ತದೆ. ಅದರ ಸುತ್ತ ಗಟ್ಟಿ ನಾರಿನ ಪದರಗಳು, ನಡುವೆ ಮೆತ್ತನೆಯ ತಿರುಳು. ವರ್ಷಗಟ್ಟಲೆ ಸವೆದು ಹಿಂಬದಿಯ ಪದರ ಒಂದು ಕಡೆ ಸೀಳುತ್ತದೆ. ಆ ಸೀಳಿನಿಂದ ತಿರುಳು ಹೊರಗೆ ತಳ್ಳಿಕೊಂಡು ಬರುತ್ತದೆ. ಆಗಿರುವುದು ಇಷ್ಟೇ.

ಹಿಂಡಿದ ಪೇಸ್ಟನ್ನು ಟ್ಯೂಬಿನೊಳಗೆ ವಾಪಸ್ ತಳ್ಳಲು ಆಗುತ್ತಾ? ಇಲ್ಲಿ ಆ ಟ್ಯೂಬ್ ಬೇರೆ ಚರ್ಮ, ಕೊಬ್ಬು, ದಪ್ಪ ಸ್ನಾಯು, ಮೂಳೆಯ ಕಮಾನು ಎಲ್ಲದರ ಆಚೆ ಇದೆ. ಹೆಬ್ಬೆರಳಿನಿಂದ ಎಷ್ಟೇ ಒತ್ತಿದರೂ ಅಲ್ಲಿಗೆ ತಲುಪುವುದಿಲ್ಲ. ತಲುಪಿತು ಅಂತಲೇ ಇಟ್ಟುಕೊಳ್ಳಿ. ತಿರುಳು ಬಂದಿರುವುದು ಡಿಸ್ಕಿನ ಹಿಂದಕ್ಕೆ, ನರದ ಬೇರು ಇರುವುದು ಅದರ ಬೆನ್ನಿಗೇ. ಹಿಂದಿನಿಂದ ತಳ್ಳುವ ಕೈಗೆ ಮೊದಲು ಸಿಗುವುದು ನರ! ಆಪರೇಷನ್ ಮಾಡುವ ಸರ್ಜನ್ ಆ ತುಣುಕನ್ನು ಕಣ್ಣಾರೆ ನೋಡುತ್ತಾರೆ. 1934ರಲ್ಲಿ ಬಾಸ್ಟನ್‌ನ ಸರ್ಜನ್‌ಗಳಾದ ಮಿಕ್ಸ್ಟರ್ ಮತ್ತು ಬಾರ್, ಸಯಾಟಿಕಾ ಅನ್ನುವ ಈ ಕಾಲುನೋವಿಗೆ ಈ ತುಣುಕೇ ಕಾರಣವಾಗಬಹುದು ಅಂತ ಬರೆದು ತೋರಿಸಿದರು. ಅಂದಿನಿಂದ ಇಂದಿನವರೆಗೆ ಸರ್ಜನ್‌ಗಳು ಅದನ್ನು ತೆಗೆದುಹಾಕುತ್ತಾರೆಯೇ ಹೊರತು ವಾಪಸ್ ಕೂರಿಸುವುದಿಲ್ಲ. ಕೈಯಲ್ಲಿ ಹಿಡಿದವರಿಂದಲೇ ಆಗದ ಕೆಲಸ ಅದು.

"ಟಕ್ ಅಂತ ಸದ್ದು ಬಂತು, ನನಗೇ ಕೇಳಿಸಿತು" ಅನ್ನುತ್ತೀರಿ. ಅದು ಬೆನ್ನಿನ ಸಣ್ಣ ಕೀಲುಗಳೊಳಗಿನ ಗಾಳಿಗುಳ್ಳೆಯ ಸದ್ದು. ಬೆರಳು ನೆಟಿಗೆ ತೆಗೆದಾಗ ಬರುತ್ತದಲ್ಲ, ಅದೇ. "ಪಕ್ಕದ ಮನೆಯವರಿಗೆ ವಾಸಿಯಾಯ್ತಲ್ಲ" ಅನ್ನುತ್ತೀರಿ. ಆಗಿರುತ್ತದೆ, ನಿಜ. ಹೆಚ್ಚಿನವರಿಗೆ ಆರರಿಂದ ಹನ್ನೆರಡು ವಾರದಲ್ಲಿ ನೋವು ತಾನಾಗಿಯೇ ಸಾಕಷ್ಟು ಇಳಿಯುತ್ತದೆ. ಹೊರಬಿದ್ದ ತಿರುಳನ್ನು ದೇಹ ಹೊರಗಿನ ವಸ್ತು ಅಂತ ನೋಡುತ್ತದೆ, ರಕ್ತದಿಂದ ಬಂದ ಕಣಗಳು ಅದನ್ನು ತಿಂದು ಕರಗಿಸುತ್ತವೆ. ಪೂರ್ತಿ ಹೊರಬಿದ್ದ ದೊಡ್ಡ ತುಣುಕು ಸಣ್ಣ ಉಬ್ಬಿಗಿಂತ ಚೆನ್ನಾಗಿ ಕರಗುವುದೇ ಜಾಸ್ತಿ. ಜನ ತಿಕ್ಕಿಸಲು ಹೋಗುವುದು ನೋವು ತಾರಕಕ್ಕೇರಿದಾಗ. ಅಲ್ಲಿಂದ ಅದು ಇಳಿಯಲೇಬೇಕಿತ್ತು. ಇಳಿದಾಗ ಹೆಸರು ತಿಕ್ಕಿದವರಿಗೆ ಹೋಗುತ್ತದೆ. ಎಣ್ಣೆ ಹಚ್ಚಿ ಮೆಲ್ಲಗೆ ನೀವಿಸಿಕೊಂಡರೆ ಬಿಗಿದ ಸ್ನಾಯು ಸಡಿಲವಾಗುತ್ತೆ, ಹಾಯೆನಿಸುತ್ತೆ, ಅದಕ್ಕೆ ನನ್ನ ತಕರಾರಿಲ್ಲ. ಮಂಡಿಯೂರಿ ಒತ್ತುವುದು, ಸೊಂಟ ತಿರುಚುವುದು, ಬೆನ್ನ ಮೇಲೆ ತುಳಿಸುವುದು ಬೇಡವೇ ಬೇಡ.

ಇಲ್ಲಿ ಒಬ್ಬರ ವಿಷಯ ಹೇಳಬೇಕು. ನಲವತ್ತು ದಾಟಿದ ಆಟೋ ಡ್ರೈವರ್. ಬಲಗಾಲಲ್ಲಿ ಹೆಬ್ಬೆರಳ ತನಕ ನೋವು, ರಾತ್ರಿ ನಿದ್ದೆಯಿಲ್ಲ. ಎರಡು ವಾರ ತಿಕ್ಕಿಸಿಕೊಂಡರು. ಒಂದು ಬೆಳಗ್ಗೆ ಎದ್ದಾಗ ನೋವು ಮುಕ್ಕಾಲು ಪಾಲು ಹೋಗಿತ್ತು. ಮನೆಯವರಿಗೆಲ್ಲ ಖುಷಿ. ಆರು ದಿನ ಕಳೆದು ನನ್ನ ಹತ್ತಿರ ಬಂದದ್ದು ಬೇರೆ ದೂರಿಗೆ: "ಸಾರ್, ಬಲಗಾಲಿನ ಚಪ್ಪಲಿ ನಿಲ್ತಾ ಇಲ್ಲ. ಕಳಚಿ ಬಿದ್ದದ್ದೂ ಗೊತ್ತಾಗಲ್ಲ." ಬಾಗಿಲಿಂದ ಕುರ್ಚಿಯ ತನಕ ನಡೆದು ಬರುವಾಗಲೇ ಪಾದ ಪಟ್ ಪಟ್ ಅಂತ ನೆಲಕ್ಕೆ ಬಡಿಯುತ್ತಿತ್ತು. ಎರಡೂ ಹೆಬ್ಬೆರಳು ಮೇಲೆತ್ತಿ ಹಿಡಿಯಿರಿ ಅಂದೆ. ಎಡದ್ದನ್ನು ನನ್ನ ಬೆರಳಿನಿಂದ ಬಗ್ಗಿಸಲು ಆಗಲಿಲ್ಲ. ಬಲದ್ದು ಮೇಲೇಳಲೇ ಇಲ್ಲ.

ನೀವ್ಯಾರೂ ಕೇಳದ ಪ್ರಶ್ನೆ ಇದೇ: ನೋವು ಹೋದರೆ ವಾಸಿಯಾದ ಹಾಗಾ? ಯಾವಾಗಲೂ ಅಲ್ಲ. ನೋವು ಅಂದರೆ ನರ ಕೂಗುತ್ತಿದೆ ಅಂತ. ಒತ್ತಡ ಹೆಚ್ಚಾಗಿ ನರ ಸೋತರೆ ಕೂಗೂ ನಿಲ್ಲಬಹುದು. ವಾಸಿಯಾಗುವಾಗ ನೋವು ಸಾಮಾನ್ಯವಾಗಿ ಪಾದ ಬಿಟ್ಟು ಮೇಲಕ್ಕೆ, ಸೊಂಟದ ಕಡೆಗೆ ಸರಿಯುತ್ತದೆ, ಕಾಲಿನ ಶಕ್ತಿ ಹಾಗೇ ಇರುತ್ತದೆ. ನೋವು ಇಳಿದು ಜೊತೆಗೆ ಶಕ್ತಿಯೂ ಇಳಿದರೆ ಅದು ಕೆಟ್ಟ ಸುದ್ದಿ. ತಿಕ್ಕಿದ್ದರಿಂದಲೇ ಅವರಿಗೆ ಹೀಗಾಯಿತು ಅಂತ ನಾನು ಹೇಳಲಾರೆ. ಆದರೆ ಆ ದಿನಗಳಲ್ಲಿ ಒಬ್ಬರೂ ಅವರ ಹೆಬ್ಬೆರಳನ್ನು ನೋಡಲಿಲ್ಲ.

ನೀವು ಮನೆಯಲ್ಲೇ ನೋಡಿಕೊಳ್ಳಿ. ಗೋಡೆ ಹಿಡಿದು ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ ನಡೆಯಿರಿ. ಒಂದು ಕಡೆ ಮುಂಗಾಲು ನೆಲಕ್ಕೆ ಬಿದ್ದರೆ ಎಲ್5 ಸೋಲುತ್ತಿದೆ. ಆಮೇಲೆ ನೋವಿರುವ ಕಾಲೊಂದರಲ್ಲೇ ನಿಂತು, ಅಟ್ಟದ ಡಬ್ಬಿ ತೆಗೆಯುವ ಹಾಗೆ, ತುದಿಗಾಲಲ್ಲಿ ಹತ್ತು ಸಲ ಏಳಿ. ಇನ್ನೊಂದು ಕಾಲು ಸಲೀಸಾಗಿ ಮಾಡುವುದನ್ನು ಇದು ಮೂರಕ್ಕೇ ಬಿಟ್ಟರೆ ಎಸ್1. ಎರಡು ದಿನಕ್ಕೊಮ್ಮೆ ಮಾಡಿ. ಶಕ್ತಿ ಇಳಿಯುತ್ತಿದ್ದರೆ ವಾರ ಕಾಯಬೇಡಿ, ಅವತ್ತೇ ತೋರಿಸಿ. ಮೂತ್ರ ಕಟ್ಟಿದರೆ, ಬಂದದ್ದೇ ತಿಳಿಯದಿದ್ದರೆ, ಸೈಕಲ್ ಸೀಟಿಗೆ ತಾಗುವ ಜಾಗ ಜೋಮು ಹಿಡಿದರೆ, ಎರಡೂ ಕಾಲಿಗೆ ನೋವು ಇಳಿದರೆ, ರಾತ್ರಿ ಎರಡು ಗಂಟೆಯಾದರೂ ಸರಿ, ಬೆನ್ನುಮೂಳೆ ಸರ್ಜನ್ ಇರುವ ಆಸ್ಪತ್ರೆಗೆ ಹೊರಡಿ. ಅಲ್ಲಿ ಗಂಟೆಗಳ ಲೆಕ್ಕ.

ಇದ್ಯಾವುದೂ ಇಲ್ಲದೆ ಬರೀ ನೋವಾದರೆ ಅವಸರವಿಲ್ಲ. ನೆದರ್ಲೆಂಡ್ಸ್‌ನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೇಗ ಆಪರೇಷನ್ ಆದವರ ನೋವು ಬೇಗ ಇಳಿಯಿತು. ಆದರೆ ವರ್ಷದ ಕೊನೆಗೆ, ಮೊದಲು ಕಾದು ಬೇಕೆನಿಸಿದರೆ ಮಾತ್ರ ಆಪರೇಷನ್ ಮಾಡಿಸಿಕೊಂಡವರೂ ಹೆಚ್ಚುಕಮ್ಮಿ ಅಷ್ಟೇ ಚೆನ್ನಾಗಿದ್ದರು. ಕಾಯುವಾಗ ಹಾಸಿಗೆ ಹಿಡಿಯಬೇಡಿ, ಅದರಿಂದ ಬೇಗ ವಾಸಿಯಾಗುವುದಿಲ್ಲ. ತಡೆದುಕೊಳ್ಳುವಷ್ಟು ನಡೆಯಿರಿ. ಹೊತ್ತುಗಟ್ಟಲೆ ಕೂತಿರಬೇಡಿ, ಬಗ್ಗಿ ಭಾರ ಎತ್ತಬೇಡಿ.

ಆಟೋದವರಿಗೆ ಎರಡು ದಿನದೊಳಗೆ ಆಪರೇಷನ್ ಆಯಿತು. ಪಾದ ಬಡಿಯುವುದು ನಿಲ್ಲಲು ನಾಲ್ಕು ತಿಂಗಳು ಹಿಡಿಯಿತು. ಹೆಬ್ಬೆರಳು ಈಗ ಮೇಲೇಳುತ್ತದೆ, ಆದರೆ ನನ್ನ ಬೆರಳಿಗೆ ಇನ್ನೂ ಬಗ್ಗುತ್ತದೆ. ಈಗ ಹಿಂದೆ ಪಟ್ಟಿ ಇರುವ ಚಪ್ಪಲಿಯನ್ನೇ ಹಾಕುತ್ತಾರೆ.