ಮಿಕ್ಸರ್ ಜಾರಿನ ತಳ ಸೋರುವುದೇಕೆ: ಹಿಂಡಿ ಮಾಡಿದ ಹಾನಿ, ಮಜ್ಜಿಗೆ ತೋರಿಸಿದ ತೂತು

ಮಿಕ್ಸರ್ ಜಾರು ತಳದಲ್ಲಿ ಸೋರುತ್ತಿದೆ ಎಂಬುದು ರಾಯಚೂರು, ಕೊಪ್ಪಳದ ಮನೆಗಳಲ್ಲಿ ಸಾಮಾನ್ಯವಾಗಿ ಗೊತ್ತಾಗುವುದು ಬಿಸಿಲು ಏರಿದ ಮೇಲೆ, ಮಜ್ಜಿಗೆ ಕಡೆಯಲು ಆರಂಭಿಸಿದಾಗ. ಚಳಿಗಾಲವಿಡೀ ಅದೇ ಜಾರಿನಲ್ಲಿ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಪುಟಾಣಿ ಹಿಂಡಿ ಆಗಿರುತ್ತದೆ. ಆಗ ಒಂದು ಹನಿಯೂ ಸೋರಿರುವುದಿಲ್ಲ, ಏಕೆಂದರೆ ಸೋರಲು ಒಳಗೆ ದ್ರವವೇ ಇರಲಿಲ್ಲ. ಮಜ್ಜಿಗೆ ಹಾಕಿದ ದಿನ ಮಿಕ್ಸರಿನ ತಲೆಯ ಮೇಲೆ ಬಿಳಿಯ ಉಂಗುರ ಮೂಡುತ್ತದೆ. ವಾಷರ್ ಹೋಗಿದೆ ಎಂದು ಅಂಗಡಿಗೆ ಒಯ್ದು ಹೊಸದು ಹಾಕಿಸುತ್ತೇವೆ. ಸ್ವಲ್ಪ ದಿನ ಸರಿ ಇದ್ದು ಮತ್ತೆ ಅದೇ ಉಂಗುರ. ವಾಷರ್ ಹೋಗಿದ್ದು ನಿಜ, ಆದರೆ ಅದನ್ನು ಕೆಡಿಸಿದ್ದು ಬೇರೊಂದು. ಅದು ಇನ್ನೂ ಜಾರಿನೊಳಗೇ ಕುಳಿತಿದೆ.

ಜಾರಿನ ತಳದ ನಡುವೆ ಒಂದು ತೂತು ಇದೆ. ಅದರಲ್ಲಿ ಬುಷ್ ಎಂಬ ಲೋಹದ ಕೊಳವೆಯನ್ನು ಕೂರಿಸಿ, ಕೆಳಗಿನಿಂದ ದೊಡ್ಡ ನಟ್ ಹಾಕಿ ಬಿಗಿದಿರುತ್ತಾರೆ. ಬುಷ್ ಮತ್ತು ಸ್ಟೀಲ್ ತಳದ ನಡುವೆ ಚಪ್ಪಟೆಯಾದ ರಬ್ಬರ್ ಗ್ಯಾಸ್ಕೆಟ್ ಇರುತ್ತದೆ. ಬುಷ್ಷಿನೊಳಗೆ ಬ್ಲೇಡಿನ ಶಾಫ್ಟ್ ತಿರುಗುತ್ತದೆ. ಶಾಫ್ಟಿನ ಕೆಳತುದಿಗೆ ಕಪ್ಲರ್ ಸಿಕ್ಕಿಸಿರುತ್ತದೆ. ಮೋಟರಿನ ಕಪ್ಲರಿಗೆ ಹಲ್ಲು ಕೊಡುವುದು ಇದೇ. ಬ್ಲೇಡಿನ ಅಡಿಯಲ್ಲಿ, ಬುಷ್ಷಿನ ಬಾಯಿಯ ಬಳಿ, ಶಾಫ್ಟನ್ನು ಅಪ್ಪಿ ಹಿಡಿದ ಸಣ್ಣ ರಬ್ಬರ್ ಸೀಲ್ ಒಂದಿದೆ. ನಾವು ವಾಷರ್ ಎನ್ನುವುದು ಇದನ್ನೇ. ಹೀಗಾಗಿ ನೀರು ಹೊರಬರಲು ಎರಡು ದಾರಿಗಳಿವೆ. ಒಂದು ಶಾಫ್ಟಿನ ಗುಂಟ, ಇನ್ನೊಂದು ಬುಷ್ಷಿನ ಹೊರಬದಿಯ ಗ್ಯಾಸ್ಕೆಟ್ಟಿನ ಕೆಳಗೆ. ಜಾರೇ ಬಿರುಕು ಬಿಟ್ಟಿದ್ದರೆ ಮೂರನೆಯದು, ಆದರೆ ಅದು ಅಪರೂಪ.

ಯಾವ ದಾರಿ ಎಂದು ತಿಳಿಯಲು ಜಾರನ್ನು ಬಿಚ್ಚಬೇಕಿಲ್ಲ. ಎರಡು ಲೋಟ ನೀರಿಗೆ ಚಿಟಿಕೆ ಅರಿಶಿನ ಕಲಸಿ ಜಾರಿಗೆ ಹಾಕಿ, ತಳವನ್ನು ಹೊರಗಿನಿಂದ ಚೆನ್ನಾಗಿ ಒರೆಸಿ, ಬಿಳಿ ಕಾಗದದ ಮೇಲೆ ಕಾಲು ಗಂಟೆ ಇಡಿ. ಆಮೇಲೆ ಜಾರನ್ನು ನೇರವಾಗಿ ಎತ್ತಿ ಹಿಡಿದು ಅಡಿಯಿಂದ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಹಳದಿ ಹಸಿ ನಟ್ಟಿನ ಅಂಚಿನಲ್ಲಿದ್ದರೆ ಗ್ಯಾಸ್ಕೆಟ್. ನಡುವೆ, ಕಪ್ಲರ್ ಮತ್ತು ಬುಷ್ ಸೇರುವಲ್ಲಿ ಇದ್ದರೆ ಸೀಲ್. ಎಲ್ಲೂ ಹಸಿ ಇಲ್ಲದಿದ್ದರೆ ನೀರು ಹಾಗೆಯೇ ಇರಲಿ, ಮರದ ಸೌಟಿನ ಹಿಡಿಯಿಂದ ಬ್ಲೇಡಿನ ನಡುಭಾಗವನ್ನು ಒಂದು ಪಕ್ಕಕ್ಕೆ ಒತ್ತಿ ನೋಡಿ. ಒತ್ತಿದಾಗೆಲ್ಲ ಕೆಳಗೆ ಹನಿ ಮೂಡಿದರೆ ರೋಗ ಸಿಕ್ಕಿತು. ಸೀಲ್ ಸುಮ್ಮನಿದ್ದಾಗ ಶಾಫ್ಟನ್ನು ಹಿಡಿದುಕೊಂಡಿದೆ, ಶಾಫ್ಟ್ ವಾಲಿದಾಗ ಬಾಯಿ ಬಿಡುತ್ತಿದೆ. ಶಾಫ್ಟ್ ವಾಲಲು ಬುಷ್ಷಿನಲ್ಲಿ ಜಾಗ ಆಗಿದೆ ಎಂದರ್ಥ. ಮೆಕ್ಯಾನಿಕ್‌ಗಳು ಇದನ್ನೇ ‘ಪ್ಲೇ ಬಂದಿದೆ’ ಎನ್ನುತ್ತಾರೆ.

ಈ ಜಾಗ ಎಲ್ಲಿಂದ ಬಂತು? ಜಾರಿನ ಬುಷ್ ಸಾಮಾನ್ಯವಾಗಿ ಕಂಚಿನ ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಕರಗದಷ್ಟು ಕಾಯಿಸಿ ಮಾಡಿದ್ದು. ಕಣಗಳ ನಡುವೆ ಕಣ್ಣಿಗೆ ಕಾಣದ ರಂಧ್ರಗಳು ಉಳಿದಿರುತ್ತವೆ. ಹೊಸ ಮಡಕೆ ನೀರು ಹೀರಿಕೊಂಡಂತೆ ಆ ರಂಧ್ರಗಳು ಎಣ್ಣೆಯನ್ನು ಹೀರಿಕೊಂಡಿರುತ್ತವೆ. ಶಾಫ್ಟ್ ತಿರುಗಿ ಬಿಸಿಯಾದಾಗ ಎಣ್ಣೆ ಹೊರಬಂದು ತೆಳು ಪದರವಾಗಿ ನಿಲ್ಲುತ್ತದೆ, ತಣ್ಣಗಾದಾಗ ಮರಳಿ ಒಳಸೇರುತ್ತದೆ. ಅಂಗಡಿಯಲ್ಲಿ ಹೊಸ ಬುಷ್ ಒಣಗಿದಂತೆ ಕಂಡರೂ ಒಳಗೆ ಎಣ್ಣೆ ಇದೆ. ಆ ಎಣ್ಣೆ ಇರುವ ತನಕ ಬುಷ್ ಹೆಚ್ಚು ಸವೆಯುವುದಿಲ್ಲ.

ಹಿಂಡಿ ಕೆಡಿಸುವುದು ಈ ಏರ್ಪಾಟನ್ನೇ. ಹಸಿ ಚಟ್ನಿ ಅರೆಯುವಾಗ ಸೀಲಿನ ತುಟಿಗೆ ನೀರಿನ ತೇವ ಸಿಗುತ್ತದೆ, ಬಿಸಿಯೂ ಅದರೊಂದಿಗೆ ಹೋಗುತ್ತದೆ. ಒಣ ಹಿಂಡಿ ಕುಟ್ಟುವಾಗ ಅದಾವುದೂ ಇಲ್ಲ. 8 ಮಿಲಿಮೀಟರ್ ದಪ್ಪದ ಶಾಫ್ಟ್ ನಿಮಿಷಕ್ಕೆ 18,000 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಂಡರೆ ಅದರ ಮೈ ಸೀಲಿಗೆ ಸೆಕೆಂಡಿಗೆ ಸುಮಾರು ಏಳೂವರೆ ಮೀಟರ್, ಅಂದರೆ ಗಂಟೆಗೆ 27 ಕಿಲೋಮೀಟರ್ ವೇಗದಲ್ಲಿ ಉಜ್ಜುತ್ತದೆ. ಒಣ ರಬ್ಬರ್ ಆ ಉಜ್ಜಿಗೆ ಬಿಸಿಯಾಗಿ ಗಟ್ಟಿಯಾಗುತ್ತದೆ, ತುಟಿ ಸವೆಯುತ್ತದೆ. ಸವೆದ ಸಂದಿನಲ್ಲಿ ನುಣ್ಣನೆಯ ಉಪ್ಪು, ಮೆಣಸಿನಕಾಯಿ ಬೀಜದ ಪುಡಿ ಇಳಿದು ಬುಷ್ಷಿನ ಎಣ್ಣೆಯಲ್ಲಿ ಕಲಸಿಕೊಳ್ಳುತ್ತವೆ. ಅಲ್ಲಿಂದಾಚೆ ಅದು ಎಣ್ಣೆಯಲ್ಲ, ಲೋಹ ಸವೆಸುವ ಲೇಪ. ಜಾರಿನ ಅಡಿಯಲ್ಲಿ ಬೂದು ಅಥವಾ ಕಪ್ಪು ಬಣ್ಣದ ನೀರು ಕಂಡರೆ ಅದು ಹೆಚ್ಚಾಗಿ ಸವೆದ ಲೋಹದ ಪುಡಿ. ಆ ಜಾರಿನಲ್ಲಿ ಅರೆದದ್ದನ್ನು ತಿನ್ನದಿರುವುದು ಒಳ್ಳೆಯದು.

ಪ್ಲೇ ಒಮ್ಮೆ ಬಂದರೆ ತಾನೇ ಬೆಳೆಯುತ್ತದೆ. ಬುಷ್ 25 ಮಿಲಿಮೀಟರ್ ಉದ್ದವಿದೆ, ಸವೆದು 0.2 ಮಿಲಿಮೀಟರ್ ಸಂದು ಆಗಿದೆ ಎಂದುಕೊಳ್ಳೋಣ. ಶಾಫ್ಟ್ ಓರೆಯಾದಾಗ ನಡುವಿನಿಂದ 30 ಮಿಲಿಮೀಟರ್ ದೂರದ ಬ್ಲೇಡಿನ ತುದಿ ಕಾಲು ಮಿಲಿಮೀಟರಿನಷ್ಟು ಮೇಲೆ ಕೆಳಗೆ ಆಡುತ್ತದೆ. ಇದು ಬೆರಳಿಗೆ ತಿಳಿಯುವಷ್ಟಿದೆ. ತಿರುಗುವಾಗಿನ ಲೆಕ್ಕವೇ ಬೇರೆ. 20 ಗ್ರಾಂ ತೂಕದ ಬ್ಲೇಡ್ ನಡುವಿನಿಂದ ಬರೀ 0.1 ಮಿಲಿಮೀಟರ್ ಸರಿದು ಅದೇ ವೇಗದಲ್ಲಿ ತಿರುಗಿದರೆ, ಅದು ಬುಷ್ಷನ್ನು ತನ್ನ ತೂಕದ ಸುಮಾರು ಮೂವತ್ತಾರು ಪಟ್ಟು ಬಲದಿಂದ ಒತ್ತುತ್ತದೆ, ಸೆಕೆಂಡಿಗೆ ಮುನ್ನೂರು ಸಲ ದಿಕ್ಕು ಬದಲಿಸುತ್ತ. ಸರಿದ ದೂರ ಎರಡು ಪಟ್ಟಾದರೆ ಬಲವೂ ಎರಡು ಪಟ್ಟು. ಇಂತಹ ಶಾಫ್ಟಿನ ಮೇಲೆ ಹೊಸ ಸೀಲ್ ಕೂರಿಸಿದರೆ ಅದರ ತುಟಿ ಶಾಫ್ಟನ್ನು ಹಿಂಬಾಲಿಸಲಾರದೆ ಒಂದೇ ಕಡೆ ಅಗಲವಾಗುತ್ತದೆ.

ಕೊಪ್ಪಳದ ಒಂದು ಖಾನಾವಳಿಯ ಜಾರಿನ ಕಥೆಯೂ ಇದೇ ಆಗಿತ್ತು. ಯುಗಾದಿಗೆ ಮುಂಚೆ ಸೀಲ್ ಬದಲಿಸಿದ್ದರು, ಹಬ್ಬ ಮುಗಿಯುವಷ್ಟರಲ್ಲಿ ಮತ್ತೆ ಸೋರಿತು. ರಿಪೇರಿಯವರು ಕಪ್ಲರ್ ಬಿಚ್ಚಿ ಶಾಫ್ಟನ್ನು ಎಳೆದು ಒರೆಸಿ, ಒಡತಿಯ ಕೈಗೇ ಕೊಟ್ಟರು. “ಉಗುರು ಇಟ್ಟು ಮೇಲಿಂದ ಕೆಳಗೆ ಎಳೆಯಿರಿ ಅಕ್ಕಾ” ಎಂದರು. ಸೀಲ್ ಕೂರುವ ಜಾಗದ ಕೆಳಗೆ ಉಗುರು ತಡೆಯಿತು. ಅಲ್ಲಿ ಶಾಫ್ಟಿನ ಸುತ್ತ ಸಣ್ಣ ಮೆಟ್ಟಿಲಿನಷ್ಟು ಸವೆದಿತ್ತು, ಹೊಳಪಿನ ಬದಲು ಗೆರೆ ಗೆರೆ. ಬುಷ್ಷಿನ ಬಾಯಿ ದುಂಡಗಿರಲಿಲ್ಲ, ಒಂದು ಬದಿಗೆ ಉದ್ದವಾಗಿತ್ತು. ಬುಷ್ ಒಂದನ್ನೇ ಹಾಕಿ ಎಂದು ಒಡತಿ ಕೇಳಿದರು. “ಹೊಸ ಬುಷ್ಷಿಗೆ ಈ ಶಾಫ್ಟ್ ಹಾಕಿದರೆ ಅರ್ಧ ಪ್ಲೇ ಉಳಿದೇ ಇರುತ್ತದೆ” ಎಂದರು ಅವರು. ಮಾತು ಸರಿ. ಸವೆತ ಎರಡೂ ಕಡೆ ಆಗಿರುವಾಗ ಬ್ಲೇಡ್, ಶಾಫ್ಟ್, ಬುಷ್, ಸೀಲ್ ಎಲ್ಲವನ್ನೂ ಒಂದೇ ಸೆಟ್ಟಾಗಿ ಹಾಕುವುದೇ ಉಳಿತಾಯ. ಉಗುರು ಎಲ್ಲೂ ತಡೆಯದೆ ಜಾರಿದರೆ, ಬ್ಲೇಡೂ ಅಲುಗದಿದ್ದರೆ, ಸೀಲ್ ಒಂದೇ ಸಾಕು.

ಸ್ವತಃ ಬಿಚ್ಚುವವರಿಗೆ ತೊಡಕಾಗುವುದು ಕಪ್ಲರಿನ ಥ್ರೆಡ್. ಎಷ್ಟೋ ಮಂದಿ ತಿರುಗಿಸಬಾರದ ಕಡೆಗೆ ತಿರುಗಿಸಿ ಅದನ್ನು ಒಡೆಯುತ್ತಾರೆ. ಬಲ ಎಡ ಎಂದು ಬಾಯಿಪಾಠ ಮಾಡಬೇಕಿಲ್ಲ, ಬ್ಲೇಡೇ ದಾರಿ ಹೇಳುತ್ತದೆ. ಬ್ಲೇಡಿನ ಹರಿತ ಅಂಚು ತಿರುಗುವ ದಿಕ್ಕಿಗೆ ಮುಖ ಮಾಡಿರುತ್ತದೆ. ಮೋಟರ್ ಕಪ್ಲರನ್ನು ಆ ಕಡೆಗೇ ನೂಕುತ್ತದೆ, ಪದಾರ್ಥ ಬ್ಲೇಡನ್ನು ಹಿಂದಕ್ಕೆ ತಡೆಯುತ್ತದೆ. ಓಡುವಾಗ ಬಿಗಿಯಾಗುತ್ತಲೇ ಇರಲಿ ಎಂದು ಥ್ರೆಡ್ಡನ್ನು ಅದೇ ದಿಕ್ಕಿಗೆ ಕೊರೆದಿರುತ್ತಾರೆ. ಆದ್ದರಿಂದ ದಪ್ಪ ಬಟ್ಟೆಯಲ್ಲಿ ಬ್ಲೇಡನ್ನು ಗಟ್ಟಿಯಾಗಿ ಹಿಡಿದು, ಕಪ್ಲರನ್ನು ಬ್ಲೇಡಿನ ಮೊಂಡು ಬೆನ್ನಿನ ಕಡೆಗೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಕಪ್ಲರಿಗೆ ಥ್ರೆಡ್ಡೇ ಇಲ್ಲದೆ ಪಿನ್ ಹೊಡೆದಿರುವ ಜಾರುಗಳೂ ಇವೆ. ಅವನ್ನು ಮನೆಯಲ್ಲಿ ಮುಟ್ಟುವುದು ಬೇಡ. ಪ್ರತಿ ವಾಷರ್ ತೆಗೆಯುವ ಮುನ್ನ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಕೆಳಗೆ ಬುಷ್ ಮತ್ತು ಕಪ್ಲರ್ ನಡುವೆ ಇರುವ ತೆಳು ವಾಷರ್‌ಗಳು ಎಣ್ಣೆಗೆ ಒಂದಕ್ಕೊಂದು ಅಂಟಿಕೊಂಡು ಒಂದೇ ಎಂಬಂತೆ ಕಾಣುತ್ತವೆ.

ಮರಳಿ ಜೋಡಿಸುವಾಗ ಮೊದಲ ಕೆಲಸ ಜಾರಿನ ತಳದ ತೂತಿನ ಸುತ್ತ ಕರಿಹಿಡಿದ ಹಳೆಯ ಚಟ್ನಿಯನ್ನು, ಬೋರ್‌ವೆಲ್ ನೀರಿನ ಬಿಳಿ ಪೊರೆಯನ್ನು ಪೂರ್ತಿ ಕೆರೆದು ತೆಗೆಯುವುದು. ಗ್ಯಾಸ್ಕೆಟ್ ನುಣುಪಾದ ಸ್ಟೀಲಿನ ಮೇಲೆ ಕೂತರಷ್ಟೇ ನೀರು ತಡೆಯುತ್ತದೆ. ಬುಷ್ಷಿಗೆ ಚಪ್ಪಟೆ ಬದಿ ಇದ್ದರೆ ತೂತಿನ ಚಪ್ಪಟೆ ಬದಿಗೆ ಹೊಂದಿಸಿ, ಇಲ್ಲವಾದರೆ ನಟ್ಟಿನ ಜೊತೆ ಬುಷ್ಷೂ ತಿರುಗುತ್ತದೆ. ನಟ್ಟನ್ನು ಗ್ಯಾಸ್ಕೆಟ್ ಸ್ವಲ್ಪ ಅದುಮಿಕೊಳ್ಳುವಷ್ಟು ಬಿಗಿದರೆ ಸಾಕು. ರಬ್ಬರ್ ಅಂಚಿನಿಂದ ಉಬ್ಬಿ ಹೊರಬಂದರೆ ಬಿಗಿ ಅತಿಯಾಯಿತು, ಅಲ್ಲೇ ಮತ್ತೆ ಸೋರುತ್ತದೆ. ಸೀಲಿನ ತುಟಿಗೆ ಮತ್ತು ಶಾಫ್ಟಿಗೆ ಒಂದೊಂದು ಹನಿ ಎಣ್ಣೆ ಸವರಿಯೇ ಶಾಫ್ಟ್ ಇಳಿಸಬೇಕು. ಹೊಲಿಗೆ ಯಂತ್ರದ ಎಣ್ಣೆ ಆಹಾರ ತಾಗುವ ಕಡೆಗಲ್ಲ. ಅಡುಗೆಯ ಶೇಂಗಾ ಎಣ್ಣೆ ಬಿಸಿಗೆ ಕ್ರಮೇಣ ಅಂಟಾಗಿ ಶಾಫ್ಟನ್ನು ಹಿಡಿದುಬಿಡುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಇದಕ್ಕೆ ಒಳ್ಳೆಯದು.

ಇನ್ನು ಆ ತೆಳು ವಾಷರ್‌ಗಳ ವಿಷಯ. ಕಪ್ಲರ್ ಬಿಗಿದ ಮೇಲೆ ಬ್ಲೇಡನ್ನು ಹಿಡಿದು ಮೇಲಕ್ಕೆತ್ತಿದರೆ ಅರ್ಧ ಮಿಲಿಮೀಟರಿನಷ್ಟು ಆಡಬೇಕು, ಪಕ್ಕಕ್ಕೆ ಮಾತ್ರ ಆಡಬಾರದು. ಎತ್ತುವ ಆಟ ಸ್ವಲ್ಪವೂ ಇಲ್ಲದಿದ್ದರೆ ಕಪ್ಲರ್ ಬುಷ್ಷನ್ನು ಉಜ್ಜಿ ಕಾಯುತ್ತದೆ, ಸುಟ್ಟ ಪ್ಲಾಸ್ಟಿಕ್ ವಾಸನೆ ಬರುತ್ತದೆ. ಒಂದು ವಾಷರ್ ಬಿಟ್ಟುಹೋಗಿದ್ದರೆ ಬ್ಲೇಡ್ ಹೆಚ್ಚು ಎತ್ತರಕ್ಕೆ ಏಳುತ್ತದೆ, ಸೀಲನ್ನು ಅದು ಒತ್ತಿ ಕೂರುವ ವಿನ್ಯಾಸದಲ್ಲಿ ಅಲ್ಲಿಂದಲೇ ನೀರು ಇಳಿಯುತ್ತದೆ. ಹೊಸ ಬುಷ್, ಹೊಸ ಸೀಲ್ ಹಾಕಿಯೂ ಸೋರುವ ಜಾರಿನಲ್ಲಿ ನಾನು ಮೊದಲು ಅನುಮಾನಿಸುವುದು ಇದನ್ನೇ.

ಜೋಡಿಸಿದ ಮೇಲೆ ಅರಿಶಿನದ ನೀರಿನ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ಬಳಿಕ ಬರೀ ನೀರು ಹಾಕಿ ಅರ್ಧ ನಿಮಿಷ ಓಡಿಸಿ, ನಿಲ್ಲಿಸಿ, ಎರಡು ನಿಮಿಷ ಕಾದು ಅಡಿ ನೋಡಿ. ಓಡುವಾಗ ನೀರು ಅಂಚಿಗೆ ಚಿಮ್ಮಿ ನಡುವೆ ಸುಳಿ ಬೀಳುವುದರಿಂದ ಸೀಲಿನ ಮೇಲೆ ನೀರಿನ ಭಾರ ಕಡಿಮೆ. ನಿಂತ ಮೇಲೆಯೇ ಅದು ಮರಳಿ ಸೀಲಿನ ಮೇಲೆ ಕೂರುತ್ತದೆ. ಎಷ್ಟೋ ಜಾರುಗಳು ಓಡುವಾಗ ಒಣಗಿದ್ದು, ಆಫ್ ಮಾಡಿದ ಮೇಲೆ ಸೋರುವುದು ಇದರಿಂದಲೇ. ಇಷ್ಟಾದರೂ ನಟ್ಟಿನ ಅಂಚಿನಲ್ಲೇ ಹಸಿ ಕಂಡರೆ ಜಾರಿನ ತೂತಿನ ಅಂಚನ್ನು ಬೆರಳಿನಿಂದ ಸವರಿ ನೋಡಿ. ತುಕ್ಕು ತಿಂದು ಅಂಚು ಒರಟಾಗಿದ್ದರೆ ಅಥವಾ ತೂತೇ ಅಗಲವಾಗಿದ್ದರೆ ಯಾವ ಗ್ಯಾಸ್ಕೆಟ್ಟೂ ಅಲ್ಲಿ ನಿಲ್ಲುವುದಿಲ್ಲ. ಗಟ್ಟಿಯಾಗುವ ಅಂಟು ಮೆತ್ತಿ ಅದನ್ನು ಮುಚ್ಚುವವರಿದ್ದಾರೆ. ಅದು ಕಂಪನಕ್ಕೆ ಬಿಟ್ಟುಕೊಂಡು ಚೂರು ಚೂರಾಗಿ ಚಟ್ನಿಗೆ ಸೇರುತ್ತದೆ. ಆ ಜಾರನ್ನು ಗುಜರಿಗೆ ಹಾಕಿ ಬೇರೆ ಕೊಳ್ಳುವುದೇ ಸರಿ.